ಮುಖ್ಯ ಅತಿಥಿಗೆ ಜ್ವರ ಬಂದಾಗ

ಉಡುಪಿ ಕಡೆಯ ಒಂದು ಕನ್ನಡ ಸಂಘ ಎಂದಿಟ್ಟುಕೊಳ್ಳಿ. ಜನವರಿ 17, ಶನಿವಾರ ಅದರ ವಾರ್ಷಿಕೋತ್ಸವ. ಸಂಜೆ ಐದೂವರೆಗೆ ಸಭೆ, ಆಮೇಲೆ ಯಕ್ಷಗಾನ. ಎಂಬತ್ತು ದಾಟಿದ ಸಾಹಿತಿಯೊಬ್ಬರು ಮುಖ್ಯ ಅತಿಥಿ, ಸನ್ಮಾನವೂ ಅವರಿಗೇ. ಶುಕ್ರವಾರ ಬೆಳಿಗ್ಗೆ ಅವರ ಮಗಳ ಫೋನು: "ಅಪ್ಪನಿಗೆ ರಾತ್ರಿಯಿಂದ ಜ್ವರ ಸರ್. ನಾಳೆ ಬರ್ಲಿಕ್ಕೆ ಕಷ್ಟ ಉಂಟು."

ಬರೀ ಭಾಷಣಕ್ಕೆ ಬರುವ ಅತಿಥಿಯಾಗಿದ್ದರೆ ಊರಿನ ಮತ್ತೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿ ಸಭೆ ಮುಗಿಸಬಹುದು. ಸನ್ಮಾನ ಹಾಗಲ್ಲ, ಶಾಲನ್ನು ಖಾಲಿ ಕುರ್ಚಿಗೆ ಹೊದಿಸಲಾಗದು. ಆದರೆ ಕರಾವಳಿಯಲ್ಲಿ ಮುಂದೂಡುವುದು ಸುಲಭವಲ್ಲ. ವೃತ್ತಿ ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ನಡುವಿನ ರಾತ್ರಿಗಳನ್ನು ಜನ ಬಹಳ ಮುಂಚೆಯೇ ಹಿಡಿದಿರುತ್ತಾರೆ. ಅಂಥ ಮೇಳವನ್ನು ಗೊತ್ತು ಮಾಡಿದ್ದರೆ ಆಟ ಆಡಿಸಿಬಿಟ್ಟು ಸಭೆಯನ್ನಷ್ಟೇ ಮುಂದಕ್ಕೆ ಹಾಕುವುದು ಜಾಣತನ. ನಮ್ಮ ಸಂಘದ್ದು ಹವ್ಯಾಸಿ ತಂಡ ಎಂದುಕೊಳ್ಳೋಣ. ಎಲ್ಲವನ್ನೂ ಒಟ್ಟಿಗೆ ಮುಂದೂಡಲು ಅವರು ಒಪ್ಪಿದರು. ಈಗ ಪ್ರಕಟಣೆ ಬರೆಯಬೇಕು.

"ಜನವರಿ 17, ಶನಿವಾರ ಸಂಜೆ 5.30ಕ್ಕೆ ಪುರಭವನದಲ್ಲಿ ನಡೆಯಬೇಕಿದ್ದ ಸಂಘದ ವಾರ್ಷಿಕೋತ್ಸವ ಹಾಗೂ ಯಕ್ಷಗಾನವನ್ನು ಮುಖ್ಯ ಅತಿಥಿಗಳ ಅನಾರೋಗ್ಯದ ಕಾರಣ ಮುಂದೂಡಲಾಗಿದೆ. ಅಂದು ಯಾವ ಕಾರ್ಯಕ್ರಮವೂ ಇರುವುದಿಲ್ಲ. ಹೊಸ ದಿನಾಂಕವನ್ನು ತಿಳಿಸಲಾಗುವುದು. ತೊಂದರೆಗೆ ಕ್ಷಮೆ ಇರಲಿ. ಕಾರ್ಯದರ್ಶಿ. ಜನವರಿ 16, ಬೆಳಿಗ್ಗೆ 11."

ಇದರಲ್ಲಿ 'ನಾಳೆ' ಎಂಬ ಮಾತು ಎಲ್ಲಿಯೂ ಇಲ್ಲ, ಗಮನಿಸಿ. ವಾಟ್ಸಾಪ್‌ನಲ್ಲಿ ಗುಂಪಿನಿಂದ ಗುಂಪಿಗೆ ದಾಟುವ ಸಂದೇಶವನ್ನು ಯಾರೋ ಶನಿವಾರ ಬೆಳಿಗ್ಗೆ ಓದಿದರೆ 'ನಾಳೆಯ ಕಾರ್ಯಕ್ರಮ' ಎಂದರೆ ಭಾನುವಾರದ್ದೆಂದು ತಿಳಿದು, ಶನಿವಾರ ಸಂಜೆ ನೆಮ್ಮದಿಯಾಗಿ ಸಭಾಂಗಣಕ್ಕೆ ಹೊರಡುತ್ತಾರೆ. ಅದಕ್ಕೇ ದಿನಾಂಕ, ವಾರ ಎರಡೂ ಬೇಕು, ಬರೆದ ಹೊತ್ತೂ ಬೇಕು.

ಕಾರಣ ಹೇಳುವುದರಲ್ಲಿ ಎರಡು ಅತಿರೇಕಗಳಿವೆ. 'ಅನಿವಾರ್ಯ ಕಾರಣಗಳಿಂದ' ಎಂದು ಬರೆದರೆ, ಸಂಘದಲ್ಲಿ ಜಗಳವಂತೆ, ದುಡ್ಡಿಲ್ಲವಂತೆ ಎಂದು ಹೋಟೆಲಿನ ಮೇಜಿನಲ್ಲೇ ಕಾರಣ ಹುಟ್ಟಿಕೊಳ್ಳುತ್ತದೆ. ಹಾಗೆಂದು ಯಾವ ಕಾಯಿಲೆ, ಯಾವ ಆಸ್ಪತ್ರೆ, ಎಷ್ಟನೇ ವಾರ್ಡು ಎಂದು ಬರೆದರೆ ಹಣ್ಣಿನ ಚೀಲ ಹಿಡಿದವರ ಸಾಲು ಅಲ್ಲಿಗೇ ಹೋಗುತ್ತದೆ. 'ಅನಾರೋಗ್ಯ' ಎಂಬಷ್ಟು ಸಾಕು, ಅದನ್ನೂ ಮನೆಯವರನ್ನು ಕೇಳಿಯೇ ಹಾಕಬೇಕು. ಎಂಬತ್ತು ದಾಟಿದವರ ವಿಷಯದಲ್ಲಿ ಮಾತು ಬಾಯಿಂದ ಬಾಯಿಗೆ ಬೆಳೆದು ಶ್ರದ್ಧಾಂಜಲಿಯ ತನಕ ಹೋಗಲು ಹೆಚ್ಚು ಹೊತ್ತು ಬೇಡ.

ಹೊಸ ದಿನಾಂಕವನ್ನು ಆಗಲೇ ಘೋಷಿಸುವ ಆಸೆ ಎಲ್ಲರಿಗೂ ಇರುತ್ತದೆ. ಅತಿಥಿ, ಭಾಗವತರು, ಚೆಂಡೆ ಮದ್ದಳೆಯವರು, ಸಭಾಂಗಣ, ಇಷ್ಟೂ ಒಂದೇ ದಿನಕ್ಕೆ ಸಿಗಬೇಕು. ಜ್ವರ ಇಳಿದ ಮೇಲೂ ವಯಸ್ಸಾದವರಿಗೆ ಸುಸ್ತು ಕೆಲವು ವಾರ ಉಳಿಯಬಹುದು. ಅವಸರದಲ್ಲಿ ದಿನ ಹೇಳಿ ಅದೂ ತಪ್ಪಿದರೆ ಮೂರನೆಯ ಸಲ ಬರುವವರು ಕಡಿಮೆ.

ಬರೆದದ್ದನ್ನು ತಲುಪಿಸುವುದೇ ನಿಜವಾದ ಕೆಲಸ. ಪತ್ರಿಕೆಗಳ 'ಇಂದಿನ ಕಾರ್ಯಕ್ರಮ' ಅಂಕಣಕ್ಕೆ ಹಳೆಯ ವಿವರ ಆಗಲೇ ಹೋಗಿರುತ್ತದೆ. ಪುಟ ಹಿಂದಿನ ಸಂಜೆಯೇ ಸಿದ್ಧವಾಗುವುದರಿಂದ ಮಧ್ಯಾಹ್ನದೊಳಗೆ ಕಚೇರಿಗೆ ಹೇಳಿ ತೆಗೆಸಬೇಕು. ವಾಟ್ಸಾಪ್‌ನಲ್ಲಿ ಹಳೆಯ ಆಹ್ವಾನ ಪತ್ರಿಕೆಯ ಚಿತ್ರ ತಿರುಗುತ್ತಲೇ ಇರುತ್ತದೆ. ಅದೇ ಚಿತ್ರದ ಮೇಲೆ ಅಡ್ಡವಾಗಿ 'ಮುಂದೂಡಲಾಗಿದೆ' ಎಂದು ಕೆಂಪಕ್ಷರದಲ್ಲಿ ಬರೆದು ಕಳಿಸಿದರೆ ಜನ ಗುರುತಿಸುತ್ತಾರೆ. ಫ್ಲೆಕ್ಸ್ ಮೇಲೂ ಅದೇ ಪಟ್ಟಿ. ಇವ್ಯಾವುದೂ ಮುಟ್ಟದವರೂ ಇರುತ್ತಾರೆ, ಸಾಮಾನ್ಯವಾಗಿ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹಿರಿಯರು. ಅವರಿಗಾಗಿ ಶನಿವಾರ ಸಂಜೆ ಐದರಿಂದ ಏಳರ ತನಕ ಗೇಟಿನ ಬಳಿ ಸಂಘದವರೊಬ್ಬರು ನಿಲ್ಲಬೇಕು.

ಖರ್ಚಿನ ಮಾತು ಬೇರೆ. ಅಡುಗೆಯವರಿಗೆ ತರಕಾರಿ ಹೆಚ್ಚುವ ಮುಂಚೆ ಹೇಳಿದರೆ ಉಳಿತಾಯ. ಧ್ವನಿವರ್ಧಕದ ಅನುಮತಿ ಆ ದಿನಕ್ಕಷ್ಟೇ ಸಿಕ್ಕಿದ್ದು, ಹೊಸ ದಿನಕ್ಕೆ ಪೊಲೀಸ್ ಠಾಣೆಗೆ ಮತ್ತೆ ಅರ್ಜಿ ಕೊಡಬೇಕು. ನೆನಪಿನ ಕಾಣಿಕೆಯಲ್ಲಿ ತಾರೀಕು ಕೆತ್ತಿಸಿದ್ದರೆ ಅದೂ ಹೊಸದಾಗಬೇಕು. ಈ ಕಷ್ಟ ಅರಮನೆಗೂ ತಪ್ಪಿದ್ದಲ್ಲ. 1902ರ ಜೂನ್ 26ಕ್ಕೆ ಲಂಡನ್ನಿನಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ಎಂದು ಬಟ್ಟಲುಗಳ ಮೇಲೆಲ್ಲ ಅಚ್ಚಾಗಿತ್ತು. ಎರಡೇ ದಿನ ಮುಂಚೆ ಅವನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಯಿತು. ಕಿರೀಟ ತಲೆಗೇರಿದ್ದು ಆಗಸ್ಟ್ 9ಕ್ಕೆ. ತಪ್ಪು ತಾರೀಕಿನ ಆ ಬಟ್ಟಲುಗಳನ್ನು ಹಳೆಯ ವಸ್ತು ಸಂಗ್ರಹಿಸುವವರು ಈಗಲೂ ಕೊಳ್ಳುತ್ತಾರೆ. ಸಂಘದ ಫಲಕಕ್ಕೆ ಆ ಭಾಗ್ಯವಿಲ್ಲ, ಕೆತ್ತುವವನಿಗೆ ಎರಡನೇ ಸಲ ದುಡ್ಡು ಕೊಡಲೇಬೇಕು.