ಹೊಸ ಚಾಲಕರಿಗೆ ಯಾವ ಗೇರ್?

ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಹೊಸಬರ ಎಡಗಾಲನ್ನು ಸೋಲಿಸುವುದು ಕ್ಲಚ್. ಎಎಂಟಿ ಕಾರಿನಲ್ಲಿ ಆ ಪೆಡಲ್ ಇಲ್ಲ. ಒಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಹಾಗಾಗಿ ಮೈಲೇಜ್ ಹೆಚ್ಚುಕಡಿಮೆ ಮ್ಯಾನುವಲ್‌ನಷ್ಟೇ. ಬೆಲೆ ಸಣ್ಣ ಕಾರುಗಳಲ್ಲಿ ಸುಮಾರು 50 ಸಾವಿರ ರೂಪಾಯಿ ಜಾಸ್ತಿ. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಇನ್ನೂ ನಯ, ಆದರೆ ದುಬಾರಿ. ನಗರದಲ್ಲಿ ಪೆಟ್ರೋಲನ್ನೂ ತುಸು ಹೆಚ್ಚು ಕುಡಿಯುತ್ತದೆ.

ಎಎಂಟಿಯಲ್ಲಿ ಗೇರ್ ಬದಲಾಗುವಾಗ ಸಣ್ಣ ಜಗ್ಗಾಟವಿದೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಕಾರು ನಿಲ್ಲಿಸಿಕೊಂಡರೆ ಕ್ಲಚ್ ಸವೆಯುತ್ತದೆ. ಸುಟ್ಟ ವಾಸನೆ ಬಂದರೆ ಅದೇ ಗುರುತು. ಮರುಮಾರಾಟಕ್ಕೆ ಬೆಂಗಳೂರಿನಲ್ಲಿ ಆಟೋಮ್ಯಾಟಿಕ್‌ಗೆ ಗಿರಾಕಿ ಸುಲಭ, ಸಣ್ಣ ಊರುಗಳಲ್ಲಿ ಮ್ಯಾನುವಲ್‌ಗೆ. ನಿತ್ಯ ನಗರದಲ್ಲೇ ಓಡಿಸುವವರು ಎಎಂಟಿ ಕೊಳ್ಳಿ; ಮೊದಲು ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ, ಹೊರಡಿಸಿ ನೋಡಿ.