ಪೊಲೀಸ್ ಬಸ್ಸಿನೊಳಗೆ ಆ ನಗು ಬಂದದ್ದೆಲ್ಲಿಂದ?
ವಾಟ್ಸ್ಆ್ಯಪ್ ಚಿತ್ರವನ್ನು ಪರೀಕ್ಷಿಸುವ ಬಗೆ

2023ರ ಮೇ 28ರಂದು ದಿಲ್ಲಿಯಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆ ನಡೆದಿತ್ತು. ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಿದ್ದ ಕುಸ್ತಿಪಟುಗಳು ಅಂದು ಆ ಭವನದತ್ತ ಮೆರವಣಿಗೆ ಹೊರಟಾಗ ಪೊಲೀಸರು ಅವರನ್ನು ವಶಕ್ಕೆ ಪಡೆದರು. ಸಂಜೆಯೊಳಗೆ ಒಂದು ಸೆಲ್ಫಿ ದೇಶವನ್ನೆಲ್ಲ ಸುತ್ತಿತು. ಪೊಲೀಸ್ ವಾಹನದಲ್ಲಿ ಕುಳಿತ ವಿನೇಶ್ ಫೋಗಟ್ ಮತ್ತು ಸಂಗೀತಾ ಫೋಗಟ್ ಅದರಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದರು. 'ಬೀದಿಯಲ್ಲಿ ಅಳು, ಬಸ್ಸಿನಲ್ಲಿ ನಗು, ಎಲ್ಲ ನಾಟಕ' ಎಂಬ ಧಾಟಿಯ ಒಕ್ಕಣೆಯೂ ಜೊತೆಗಿತ್ತು.

ಇಂಥ ಚಿತ್ರ ಸಂಘದ ಗುಂಪಿಗೆ ಬಂದಾಗ ಅರ್ಧ ಜನ ನಂಬುತ್ತಾರೆ, ಉಳಿದರ್ಧ ಜನ 'ಮುಖ ಬದಲಿಸಿದ್ದಾರೆ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಈ ಎರಡನೆಯವರೂ ಅವಸರಪಟ್ಟವರೇ. ಚೆಕ್ಕಿನ ಸಹಿ ತಾಳೆಯಾಗದಿದ್ದರೆ ಬ್ಯಾಂಕಿನವರು 'ಸಹಿಯಲ್ಲಿ ವ್ಯತ್ಯಾಸವಿದೆ' ಎಂದು ಬರೆದು ಹಿಂತಿರುಗಿಸುತ್ತಾರೆಯೇ ಹೊರತು 'ಖೋಟಾ ಸಹಿ' ಎಂದು ಬರೆಯುವುದಿಲ್ಲ. ಕಂಡದ್ದೆಷ್ಟೋ ಅಷ್ಟನ್ನೇ ಹೇಳುವ ಕ್ರಮ ಅದು.

ಮೊದಲ ಕೆಲಸ ಚಿತ್ರದ ಮೂಲಕ ಚಿತ್ರವನ್ನು ಹುಡುಕುವುದು. ಬಂದ ಚಿತ್ರದಿಂದ ಅಂಚಿನ ಬರಹ, ಬಾಣ, ವೃತ್ತಗಳನ್ನು ಕತ್ತರಿಸಿ ತೆಗೆದು ಗೂಗಲ್ ಲೆನ್ಸ್‌ಗೂ ಟಿನ್‌ಐ ಎಂಬ ತಾಣಕ್ಕೂ ಕೊಡಬೇಕು. ಲೆನ್ಸ್ ಹೋಲುವ ಚಿತ್ರಗಳನ್ನೂ ತಂದು ಸುರಿಯುತ್ತದೆ. ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನಷ್ಟೇ ಹುಡುಕುತ್ತದೆ. ಟಿನ್‌ಐಯಲ್ಲಿ Oldest ಎಂದು ಒತ್ತಿದರೆ ಹಳೆಯ ಪ್ರತಿ ಮೇಲೆ ಬರುತ್ತದೆ. ಆದರೆ ಅಲ್ಲಿ ಕಾಣುವ ದಿನಾಂಕ ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ, ಚಿತ್ರ ತೆಗೆದ ದಿನವಲ್ಲ. ವಾಟ್ಸ್ಆ್ಯಪ್‌ನೊಳಗೇ ಓಡಾಡಿದ ಚಿತ್ರ ಇವೆರಡರಲ್ಲೂ ಸಿಗದಿರಬಹುದು. ಸಿಗಲಿಲ್ಲವೆಂದ ಮಾತ್ರಕ್ಕೆ ಅದು ಅಸಲಿ ಎಂದೂ ಅಲ್ಲ, ನಕಲಿ ಎಂದೂ ಅಲ್ಲ.

ಫೋಗಟ್ ಸಹೋದರಿಯರ ವಿಷಯದಲ್ಲಿ ಹುಡುಕಾಟ ಫಲ ಕೊಟ್ಟಿತು. ಅದೇ ಸೆಲ್ಫಿಯ ಇನ್ನೊಂದು ಪ್ರತಿಯನ್ನು ಪತ್ರಕರ್ತರೊಬ್ಬರು ಅದೇ ದಿನ ಟ್ವಿಟರ್‌ನಲ್ಲಿ ಹಾಕಿದ್ದರು. ಅದರಲ್ಲಿ ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ನಗುವ ಚಿತ್ರ ಸುಳ್ಳೆಂದು ಕುಸ್ತಿಪಟು ಬಜರಂಗ್ ಪೂನಿಯಾ ಅವರೂ ಹೇಳಿದರು.

ಈಗ ಕೈಯಲ್ಲಿ ಎರಡು ಚಿತ್ರಗಳಿವೆ. ಯಾವುದು ಮೂಲ, ಯಾವುದು ತಿದ್ದಿದ್ದು? ಮೊದಲು ಹಾಕಿದ್ದೇ ಮೂಲ ಎನ್ನಲೂ ಬಾರದು, ತಿದ್ದಿದವರೇ ಮೊದಲು ಹಾಕಿರಬಹುದಲ್ಲ. ಸತ್ಯಶೋಧಕರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಸನ, ಕೂದಲು, ಬೆಳಕು ಎಲ್ಲವೂ ಒಂದೇ. ಬದಲಾದದ್ದು ಮುಖದ ಭಾವ ಮಾತ್ರ. ಮುಂಬಯಿಯ ಬೂಮ್ ಸೇರಿದಂತೆ ಕೆಲವರು ನಗದ ಚಿತ್ರವನ್ನು ಫೇಸ್‌ಆ್ಯಪ್ ಎಂಬ ಆ್ಯಪ್‌ಗೆ ಕೊಟ್ಟು ನಗು ಸೇರಿಸಿದಾಗ, ಹರಿದಾಡಿದ ಚಿತ್ರದಂಥದ್ದೇ ಹೊರಬಂತು. ಹೀಗೆ ಯಾವುದರಿಂದ ಯಾವುದು ಹುಟ್ಟಿತು ಎಂಬುದು ಗೊತ್ತಾಯಿತು.

ಆದ್ದರಿಂದ ಇದು ಮುಖ ಬದಲಾವಣೆ ಅಲ್ಲವೇ ಅಲ್ಲ. ಮುಖ ಬದಲಾವಣೆ ಎಂದರೆ ಒಬ್ಬರ ದೇಹಕ್ಕೆ ಮತ್ತೊಬ್ಬರ ಮುಖ ಕೂರಿಸುವುದು. ಅಂಥ ಚಿತ್ರದ ಮೂಲ ಸಿಕ್ಕರೆ ಅದರಲ್ಲಿ ಬೇರೆಯೇ ವ್ಯಕ್ತಿ ಇರುತ್ತಾರೆ. ಇಲ್ಲಿ ಆ ಹೆಣ್ಣುಮಕ್ಕಳು ನಿಜವಾಗಿಯೂ ಆ ವಾಹನದಲ್ಲಿದ್ದರು, ಸೆಲ್ಫಿಯೂ ನಿಜ, ಅಂಟಿಸಿದ್ದು ನಗು ಮಾತ್ರ. ಯಾರಾದರೂ 'ಮುಖ ಬದಲಿಸಿದ್ದಾರೆ' ಎಂದು ಬರೆದಿದ್ದರೆ, ಎದುರಾಳಿ ಮೂಲ ಚಿತ್ರವನ್ನೇ ತೋರಿಸಿ 'ನೋಡಿ, ಮುಖ ಅವರದ್ದೇ' ಎನ್ನುತ್ತಿದ್ದ. ಅಲ್ಲಿಗೆ ನಿಜ ಹೇಳಲು ಹೊರಟವರೇ ಸುಳ್ಳರಾಗುತ್ತಿದ್ದರು.

ಇನ್ನು ಕಡತದೊಳಗೆ ಅಡಗಿರುವ ಮಾಹಿತಿ, ಅಂದರೆ ಮೆಟಾಡೇಟಾ. ಯಾವ ಫೋನು, ಎಷ್ಟು ಗಂಟೆಗೆ, ಯಾವ ತಂತ್ರಾಂಶ ಎಂಬುದು Date/Time Original, Software ಎಂಬ ಸಾಲುಗಳಲ್ಲಿ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಈ ಸಾಲುಗಳು ಅಳಿಸಿಹೋಗುತ್ತವೆ, ಎಕ್ಸ್ ಕೂಡ ಅವನ್ನು ತೆಗೆದುಹಾಕುತ್ತದೆ. ಹಾಗಾಗಿ ಹರಿದಾಡಿ ಬಂದ ಚಿತ್ರದಲ್ಲಿ ಇವು ಖಾಲಿಯಿದ್ದರೆ ಅದು ಸಂಶಯಕ್ಕೆ ಕಾರಣವಾಗದು. ಇದ್ದರೂ ಕಣ್ಣುಮುಚ್ಚಿ ನಂಬುವಂತಿಲ್ಲ. ಫೋನಿನ ಗಡಿಯಾರ ತಪ್ಪಿರಬಹುದು, ಸಾಲುಗಳನ್ನೇ ಯಾರೋ ತಿದ್ದಿರಬಹುದು.

ಮೆಟಾಡೇಟಾ ಉಪಯೋಗಕ್ಕೆ ಬರುವುದು ಚಿತ್ರ ತೆಗೆದವರೇ ಪರಿಚಿತರಾಗಿದ್ದಾಗ. ಗುಂಪಿನಲ್ಲಿ ಹಾಕಿದವರಿಗೆ ಫೋನ್ ಮಾಡಿ 'ನಿಮಗೆ ಯಾರು ಕಳುಹಿಸಿದರು?' ಎಂದು ಕೇಳುತ್ತ ಒಬ್ಬೊಬ್ಬರನ್ನೇ ದಾಟಿ ಹಿಂದಕ್ಕೆ ಹೋಗಬೇಕು. ತೆಗೆದವರು ಸಿಕ್ಕರೆ, ಅದನ್ನು ಫೋಟೋ ಆಗಿ ಅಲ್ಲ, Document ಆಗಿ ಕಳುಹಿಸಲು ಹೇಳಬೇಕು. ಆಗ ಕಡತ ಇದ್ದಂತೆಯೇ ಬರುತ್ತದೆ. ಸರಪಳಿ ಎಲ್ಲೋ ತುಂಡಾಗಿ ಮೂಲ ಸಿಗದೇ ಹೋದರೆ, ಗುಂಪಿನಲ್ಲಿ 'ಮೂಲ ಸಿಕ್ಕಿಲ್ಲ, ಮುಂದಕ್ಕೆ ಕಳುಹಿಸಬೇಡಿ' ಎಂದಷ್ಟೇ ಬರೆದರೆ ಸಾಕು.