ಗ್ರಿಲ್‌ನಲ್ಲಿ ಇಳಿದ ತೂಕ ಎಲ್ಲಿ ಹೋಯಿತು?

ಮೂಳೆ ತೆಗೆದು ಚರ್ಮ ಉಳಿಸಿಕೊಂಡ ಒಂದು ಕಿಲೋ ಕೋಳಿ ತೊಡೆಯನ್ನು ಗ್ರಿಲ್ ಮಾಡಿ ತೂಗಿದರೆ ತಕ್ಕಡಿ ಹೆಚ್ಚುಕಡಿಮೆ 690 ಗ್ರಾಂ ತೋರಿಸುತ್ತದೆ. ಮುನ್ನೂರು ಗ್ರಾಂಗೂ ಮಿಕ್ಕಿ ತೂಕ ಒಲೆಯ ಮೇಲೆಯೇ ಹೋಗಿರುತ್ತದೆ. ಸಕ್ಕರೆ ಕಾಯಿಲೆಗಾಗಿಯೋ ತೂಕ ಇಳಿಸಲೆಂದೋ ತಿನ್ನುವುದರ ಕ್ಯಾಲರಿ ಬರೆದಿಡುವವರು ತಡವರಿಸುವುದು ಇಲ್ಲಿಯೇ. ಹಸಿ ಮಾಂಸದ ತೂಕ ಹಿಡಿಯಬೇಕೋ, ಬೆಂದ ಮಾಂಸದ್ದೋ? "ಹೋಗಿದ್ದು ನೀರು ತಾನೆ, ನೀರಿಗೆಲ್ಲಿದೆ ಕ್ಯಾಲರಿ, ಹಸಿಯದರ ಲೆಕ್ಕವನ್ನೇ ಹಿಡಿಯಿರಿ" ಎಂದು ಜಿಮ್ಮಿನಲ್ಲೋ ನೆಂಟರ ಮನೆಯಲ್ಲೋ ಯಾರಾದರೂ ಹೇಳಿರುತ್ತಾರೆ. ಕೋಳಿಯ ಎದೆ ಭಾಗಕ್ಕೆ ಆ ಮಾತು ಪೂರ್ತಿ ನಿಜ. ಚರ್ಮವಿರುವ ತೊಡೆಗೆ ಹಾಗೆ ಹೇಳಿದರೆ ಒಂದು ಕಿಲೋಗೆ ನಾನೂರು ಕ್ಯಾಲರಿಯಷ್ಟು ಲೆಕ್ಕ ತಪ್ಪುತ್ತದೆ.

ಸುಲಭದ್ದರಿಂದ ಶುರು ಮಾಡೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ ಚರ್ಮ ತೆಗೆದ ಹಸಿ ಎದೆ ಮಾಂಸಕ್ಕೆ 100 ಗ್ರಾಂಗೆ ಸುಮಾರು 120 ಕ್ಯಾಲರಿ ಎಂದಿದೆ. ಬೆಂದದ್ದಕ್ಕೆ 165. ಬೇಯಿಸಿದರೆ ಕ್ಯಾಲರಿ ಹೆಚ್ಚುತ್ತದೆಯೇ ಎಂದು ಇದನ್ನು ನೋಡಿದವರು ಗಾಬರಿಯಾಗುವುದುಂಟು. ಹಾಗೇನೂ ಇಲ್ಲ. ಹಸಿಯಾಗಿ 100 ಗ್ರಾಂ ಇದ್ದದ್ದು ಬೆಂದು 73 ಗ್ರಾಂ ಆಗಿದೆ, ಅದೇ 120 ಕ್ಯಾಲರಿ ಈಗ 73 ಗ್ರಾಂನಲ್ಲಿ ಒತ್ತಾಗಿ ಕೂತಿದೆ. ಅಕ್ಕಿ ಅನ್ನವಾಗುವಾಗ ಇದರ ತಿರುವುಮುರುವು ನಡೆಯುತ್ತದೆ. ನೀರು ಕುಡಿದು ತೂಕ ಹೆಚ್ಚುವುದರಿಂದ ಒಂದು ಬಟ್ಟಲು ಅನ್ನದ ಕ್ಯಾಲರಿ ಒಂದು ಬಟ್ಟಲು ಅಕ್ಕಿಯದಕ್ಕಿಂತ ಎಷ್ಟೋ ಕಡಿಮೆ.

ಎದೆ ಭಾಗದಿಂದ ಹೋದದ್ದು ನೀರೇ ಎಂದು ತಿಳಿಯುವುದು ಹೇಗೆ? ಇಲ್ಲಿ ಪ್ರೋಟೀನನ್ನು ಸಾಕ್ಷಿಗೆ ಕರೆಯಬೇಕು. ನೀರು ಆವಿಯಾಗುತ್ತದೆ, ಕೊಬ್ಬು ಕರಗಿ ತೊಟ್ಟಿಕ್ಕುತ್ತದೆ, ಪ್ರೋಟೀನು ಮಾತ್ರ ಸ್ವಲ್ಪ ರಸದ ಜೊತೆ ಹೋದರೂ ಬಹುಪಾಲು ಮಾಂಸದಲ್ಲೇ ಉಳಿಯುತ್ತದೆ. ಹಸಿ ಎದೆಯಲ್ಲಿ 100 ಗ್ರಾಂಗೆ ಸುಮಾರು 22.5 ಗ್ರಾಂ ಪ್ರೋಟೀನು, ಬೆಂದದ್ದರಲ್ಲಿ 31. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.73 ಬರುತ್ತದೆ. ತಕ್ಕಡಿ ಮುಟ್ಟದೆಯೇ ತೂಕ ಎಷ್ಟು ಇಳಿಯಿತು ಎಂದು ಸಿಕ್ಕಿತು. ಇನ್ನು ಕೊಬ್ಬು ಹಸಿಯದರಲ್ಲಿ 2.6 ಗ್ರಾಂ, ಬೆಂದದ್ದರಲ್ಲಿ 3.6. ಈ 3.6ನ್ನು 0.73ರಿಂದ ಗುಣಿಸಿದರೆ ಮತ್ತೆ 2.6. ಅಂದರೆ ಕೊಬ್ಬು ಇದ್ದಲ್ಲೇ ಇದೆ, ಹೋದದ್ದೆಲ್ಲ ನೀರು.

ಈಗ ಚರ್ಮ ಸಮೇತದ ತೊಡೆಗೆ ಬರೋಣ. ಅದೇ ಕೋಷ್ಟಕದ ಹಳೆಯ ಆವೃತ್ತಿಯಲ್ಲಿ ಹಸಿಯದಕ್ಕೆ 211 ಕ್ಯಾಲರಿ, 17.3 ಗ್ರಾಂ ಪ್ರೋಟೀನು, 15.3 ಗ್ರಾಂ ಕೊಬ್ಬು. ಒಣ ಶಾಖದಲ್ಲಿ ಬೆಂದದ್ದಕ್ಕೆ 247 ಕ್ಯಾಲರಿ, 25.1 ಗ್ರಾಂ ಪ್ರೋಟೀನು, 15.5 ಗ್ರಾಂ ಕೊಬ್ಬು. ಎರಡೂ ಕಡೆ ಕೊಬ್ಬು ಹದಿನೈದೂವರೆಯ ಆಸುಪಾಸಿನಲ್ಲೇ ಇದೆ ನೋಡಿ. ಇಲ್ಲೂ ಕೊಬ್ಬು ಹೋಗಿಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಜನ ಹೆಚ್ಚು ಎಡವುವ ಜಾಗ ಇದೇ. ಪ್ರೋಟೀನಿನ ಲೆಕ್ಕ ಹಾಕಿದರೆ 17.3 ಭಾಗಿಸು 25.1, ಅಂದರೆ 0.69. ಹಸಿಯ 100 ಗ್ರಾಂ ಬೆಂದು 69 ಗ್ರಾಂ ಆಗಿದೆ. ಆ 69 ಗ್ರಾಂನಲ್ಲಿರುವ ಕೊಬ್ಬು 10.7 ಗ್ರಾಂ ಮಾತ್ರ. ಹೊರಟಾಗ ಇದ್ದದ್ದು 15.3. ನಾಲ್ಕೂವರೆ ಗ್ರಾಂಗೂ ಹೆಚ್ಚು ಕೊಬ್ಬು ಇಳಿದುಹೋಗಿದೆ. ನೀರೂ ಕೊಬ್ಬೂ ಜೊತೆಜೊತೆಯಾಗಿ ಹೋದದ್ದರಿಂದ 100 ಗ್ರಾಂ ಲೆಕ್ಕದಲ್ಲಿ ಅದು ಕಾಣಿಸಲಿಲ್ಲ, ಅಷ್ಟೇ.

ನಮ್ಮ ಒಂದು ಕಿಲೋಗೆ ಇದನ್ನು ಹಚ್ಚಿ ನೋಡೋಣ. ಹಸಿ ತೊಡೆಯಲ್ಲಿ ಇದ್ದದ್ದು 2110 ಕ್ಯಾಲರಿ. ಇಳಿದ ಕೊಬ್ಬು 46 ಗ್ರಾಂ. ಕೊಬ್ಬಿಗೆ ಗ್ರಾಂಗೆ 9 ಕ್ಯಾಲರಿಯಂತೆ 414 ಕ್ಯಾಲರಿ. ಕಳೆದರೆ ಉಳಿಯುವುದು 1696. ಬೆಂದ 690 ಗ್ರಾಂಗೆ ಹಂಚಿದರೆ 100 ಗ್ರಾಂಗೆ 246, ಕೋಷ್ಟಕದ 247ಕ್ಕೆ ಒಂದು ಕ್ಯಾಲರಿ ಕಡಿಮೆ. ಹೋದದ್ದು ಬರೀ ನೀರು ಎಂದುಕೊಂಡವರು 2110ನ್ನೇ ಬರೆದು ನಾನೂರು ಹೆಚ್ಚು ತೋರಿಸುತ್ತಾರೆ. ಬೆಂದ ಮಾಂಸವನ್ನು ತೂಗಿ ಹಸಿಯ ಅಂಕಿಯಿಂದ ಗುಣಿಸುವವರು 1456 ಬರೆದು ಇನ್ನೂರ ನಲವತ್ತು ಕಡಿಮೆ ತೋರಿಸುತ್ತಾರೆ. ಈ ಎರಡನೆಯ ತಪ್ಪೇ ಮನೆಗಳಲ್ಲಿ ಹೆಚ್ಚು, ಯಾಕೆಂದರೆ ಊಟಕ್ಕೆ ಕೂತಾಗ ತಕ್ಕಡಿಗೆ ಹಾಕುವುದು ತಟ್ಟೆಯಲ್ಲಿರುವ ತುಂಡನ್ನು.

ಒಂದೇ ಕೋಳಿಯ ಎರಡು ಭಾಗಗಳು ಹೀಗೆ ಬೇರೆ ಬೇರೆಯಾಗಿ ನಡೆದುಕೊಳ್ಳಲು ಕಾರಣ ಕೊಬ್ಬು ಇರುವ ಜಾಗ. ಬಿಸಿ ಏರುತ್ತಿದ್ದಂತೆ ಮಾಂಸದ ಎಳೆಗಳು ಕುಗ್ಗುತ್ತವೆ. 60 ಡಿಗ್ರಿ ದಾಟಿದ ಮೇಲೆ ಎಳೆಗಳನ್ನು ಸುತ್ತಿರುವ ಪೊರೆಯೂ ಬಿಗಿದುಕೊಂಡು ಒಳಗಿನ ನೀರನ್ನು ಹಿಂಡುತ್ತದೆ. ಇದು ಎಲ್ಲ ಮಾಂಸಕ್ಕೂ ಒಂದೇ. ಕೊಬ್ಬು ಬೇಗನೇ ಕರಗುತ್ತದೆ, ಆದರೆ ಕರಗಿದ ಮಾತ್ರಕ್ಕೆ ಹೊರಗೆ ಬರುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಅಲ್ಪಸ್ವಲ್ಪ ಕೊಬ್ಬಿಗೆ ದಾರಿಯಿಲ್ಲ. ಚರ್ಮದ ಕೆಳಗಿನ ಪದರ, ಹಂದಿ ಮಾಂಸದ ಅಂಚಿನ ನೆಣ, ಇವು ಹೊರಮೈಗೆ ಹತ್ತಿರ ಇರುವುದರಿಂದ ಸಲೀಸಾಗಿ ಇಳಿಯುತ್ತವೆ. ಕೈಮದಲ್ಲಿ ಯಂತ್ರವೇ ಎಳೆಗಳನ್ನೂ ಕೊಬ್ಬಿನ ಕೋಶಗಳನ್ನೂ ಕತ್ತರಿಸಿರುತ್ತದೆ, ಹಾಗಾಗಿ ನೆಣ ಹೆಚ್ಚಿರುವ ಕೈಮದ ಕಬಾಬು ಸುಡುವಾಗ ಕೆಂಡ ಪದೇ ಪದೇ ಭಗ್ಗೆನ್ನುತ್ತದೆ.

ಮನೆಯ ಓವನ್ನಿನಲ್ಲೋ ವಿದ್ಯುತ್ ಗ್ರಿಲ್ಲಿನಲ್ಲೋ ಮಾಡುವವರು ಕೋಷ್ಟಕವನ್ನೇ ನಂಬಿ ಕೂರಬೇಕಿಲ್ಲ, ಇಳಿದ ಕೊಬ್ಬನ್ನು ತೂಗಿಯೇ ನೋಡಬಹುದು. ಜಾಲರಿಯ ಕೆಳಗೆ ಟ್ರೇ ಇಡಿ. ಮಾಂಸ ಬೆಂದ ಮೇಲೆ ಟ್ರೇಯಲ್ಲಿ ಸೇರಿದ್ದನ್ನು ಒಂದು ಬಟ್ಟಲಿಗೆ ಬಳಿದು ಸುರಿದು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊತ್ತಿಗೆ ಮೇಲೆ ಬಿಳಿ ಹಳದಿ ಕೊಬ್ಬು ಹೆಪ್ಪುಗಟ್ಟಿರುತ್ತದೆ, ಕೆಳಗೆ ಕಂದು ಬಣ್ಣದ, ಅಲುಗುವ ರಸ ನಿಂತಿರುತ್ತದೆ. ಮೇಲಿನದನ್ನು ಚಮಚದಲ್ಲಿ ಎತ್ತಿ ತೂಗಿ 9ರಿಂದ ಗುಣಿಸಿ, ಹಸಿ ಮಾಂಸದ ಒಟ್ಟು ಕ್ಯಾಲರಿಯಿಂದ ಕಳೆಯಿರಿ. ಕೆಳಗಿನ ರಸದಲ್ಲಿ ಸ್ವಲ್ಪ ಪ್ರೋಟೀನು ಇರುತ್ತದೆ, ಮನೆಯ ಲೆಕ್ಕಕ್ಕೆ ಅದನ್ನು ಬಿಡಬಹುದು. ಓವನ್ನಿನ ಗೋಡೆಗೆ ಸಿಡಿದದ್ದು ಕೈಗೆ ಸಿಗದು, ಆದ್ದರಿಂದ ನಿಮ್ಮ ಅಂಕಿ ನಿಜಕ್ಕಿಂತ ಚೂರು ಹೆಚ್ಚೇ ಇರುತ್ತದೆ. ಕೆಂಡದ ಮೇಲೆ ಸುಟ್ಟರೆ ಕೊಬ್ಬು ಹೊಗೆಯಾಗಿ ಹೋಗುತ್ತದೆ. ಅಲ್ಲಿ ಬೆಂದದ್ದನ್ನು ತೂಗಿ ಬೆಂದದ್ದರ ಅಂಕಿಯಿಂದಲೇ ಗುಣಿಸುವುದೊಂದೇ ದಾರಿ.

ಸುಡುವ ಮುಂಚೆ ಮಸಾಲೆಯಲ್ಲಿ ನೆನೆಸಿದ್ದರೆ ಅದರ ಎಣ್ಣೆಯೂ ಲೆಕ್ಕಕ್ಕೆ ಬರಬೇಕು. ಎರಡು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 27 ಗ್ರಾಂ, 240 ಕ್ಯಾಲರಿ. ಮೊದಲು ಅದನ್ನು ಒಟ್ಟಿಗೆ ಕೂಡಿಸಿ, ಪಾತ್ರೆಯಲ್ಲಿ ಉಳಿದ ಮಸಾಲೆಯ ಪಾಲನ್ನು ಕಳೆಯಿರಿ. ಟ್ರೇಗೆ ಇಳಿದ ಜಿಡ್ಡಿನಲ್ಲಿ ಕೋಳಿಯದೆಷ್ಟು, ಎಣ್ಣೆಯದೆಷ್ಟು ಎಂದು ಬೇರ್ಪಡಿಸುವ ಅಗತ್ಯವಿಲ್ಲ, ಎರಡಕ್ಕೂ ಗ್ರಾಂಗೆ 9 ಕ್ಯಾಲರಿಯೇ.

ಮಾಂಸದಿಂದ ಕೊಬ್ಬು ಬಿಟ್ಟಿತು ಎಂದಾಕ್ಷಣ ಅದು ಊಟದಿಂದ ಹೋಯಿತು ಎಂದಲ್ಲ. ಕೊಡಗಿನ ಪಂದಿ ಕರಿಯಲ್ಲಿ ನೆಣ ಚೆನ್ನಾಗಿಯೇ ಕರಗುತ್ತದೆ, ತುಂಡುಗಳು ಕುಗ್ಗಿ ಚಿಕ್ಕವಾಗುತ್ತವೆ, ಆದರೆ ಕರಗಿದ್ದೆಲ್ಲ ಅದೇ ಪಾತ್ರೆಯಲ್ಲಿ ಮಸಾಲೆಯ ಜೊತೆ ಸೇರಿಕೊಂಡಿರುತ್ತದೆ. ಅಕ್ಕಿ ರೊಟ್ಟಿಯಲ್ಲೋ ಕಡಂಬುಟ್ಟಿನಲ್ಲೋ ಆ ಮಸಾಲೆ ಅದ್ದಿಕೊಂಡು ತಿನ್ನುವವರು ಒಂದು ಕ್ಯಾಲರಿಯನ್ನೂ ಕಳೆಯುವ ಹಾಗಿಲ್ಲ. ಇಂಥ ಅಡುಗೆಗೆ ವಿಧಾನವೇ ಬೇರೆ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು, ಹಾಕಿದ ಎಲ್ಲದರ ಕ್ಯಾಲರಿ ಕೂಡಿಸಿ, ಅಡುಗೆ ಮುಗಿದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದು ಭಾಗಿಸಬೇಕು. ಮೇಲೆ ತೇಲುವ ಎಣ್ಣೆಯನ್ನು ಸೌಟಿನಿಂದ ತೆಗೆದು ಚೆಲ್ಲಿದರೆ, ಚೆಲ್ಲಿದಷ್ಟನ್ನು ಮಾತ್ರ ತೂಗಿ ಕಳೆಯಿರಿ.

ನಮ್ಮಲ್ಲಿ ಈ ಲೆಕ್ಕ ಕಲಿಯಬೇಕಾದ ಇನ್ನೊಂದು ಕಾರಣವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳಿವೆ. ನಮ್ಮ ನೆಲದ ಮಾಂಸ, ಮೀನು, ಸೊಪ್ಪು, ಧಾನ್ಯಗಳಿಗೆ ಅದಕ್ಕಿಂತ ಹತ್ತಿರದ ಅಂಕಿ ಬೇರೆಲ್ಲೂ ಸಿಗದು. ಆದರೆ ಅದರಲ್ಲಿರುವುದು ಬಹುಮಟ್ಟಿಗೆ ಹಸಿ ಪದಾರ್ಥಗಳ ಅಂಕಿ, ಅದೂ ಕಿಲೋಜೂಲ್‌ನಲ್ಲಿ. ಕ್ಯಾಲರಿ ಬೇಕಾದರೆ 4.184ರಿಂದ ಭಾಗಿಸಬೇಕು, ಬೆಂದದ್ದರ ಲೆಕ್ಕ ನಾವೇ ಮಾಡಿಕೊಳ್ಳಬೇಕು. ಬೇಯಿಸಿದಾಗ ಯಾವ ಮಾಂಸದಿಂದ ನೀರೆಷ್ಟು, ಕೊಬ್ಬೆಷ್ಟು ಹೋಗುತ್ತದೆ ಎಂದು ಬೇರೆಬೇರೆಯಾಗಿ ಕೊಡುವ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಕೆಲಸ ಸಾಗುತ್ತದೆ.

ಕೋಷ್ಟಕದ ಅಂಕಿ ನಿಮ್ಮ ಒಲೆಗೆ ಹೊಂದುತ್ತದೆಯೇ ಎಂದು ತಿಳಿಯಲು ತಕ್ಕಡಿ ಸಾಕು. ತೊಡೆ ಮಾಂಸ ಕಿಲೋಗೆ 690ರ ಆಚೀಚೆ ನಿಂತರೆ ಹೊಂದಿತು ಎಂದು ತಿಳಿಯಿರಿ. ಸೀದುಹೋಗುವವರೆಗೆ ಬೇಯಿಸಿ ಅದು 600ಕ್ಕೆ ಇಳಿದಿದ್ದರೆ ಕೋಷ್ಟಕದವರು ಬೇಯಿಸಿದ್ದಕ್ಕಿಂತ ಹೆಚ್ಚು ನೀರು ಆರಿದೆ. ಹಾಗಾದಾಗ 247ರಿಂದ ಗುಣಿಸಿದರೆ ಕ್ಯಾಲರಿ ನಿಜಕ್ಕಿಂತ ಕಡಿಮೆ ಬರುತ್ತದೆ. ಅಲ್ಲಿ ಹಸಿಯ ಒಟ್ಟಿನಿಂದ ಹೊರಟು ಟ್ರೇಯ ಕೊಬ್ಬನ್ನು ಕಳೆಯುವ ವಿಧಾನವೇ ವಾಸಿ. ತೂಗುವಾಗ ಎರಡು ಸಲವೂ ಮೂಳೆ ಇಲ್ಲದ್ದನ್ನೇ ತೂಗಿ. ಹೋಟೆಲಿನಿಂದ ತಂದ ತಂದೂರಿ ಲೆಗ್ ಪೀಸಿನಂಥದ್ದಾದರೆ ತಿನ್ನುವ ಮುಂಚೆ ಒಮ್ಮೆ ತೂಗಿ, ತಿಂದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆಯನ್ನು ತೂಗಿ ಕಳೆಯಿರಿ. ತಂದೂರಿಗೆ ಸಾಮಾನ್ಯವಾಗಿ ಚರ್ಮ ತೆಗೆದಿರುತ್ತಾರೆ, ಆದ್ದರಿಂದ ಅದಕ್ಕೆ ಹಿಡಿಯಬೇಕಾದದ್ದು ಚರ್ಮವಿಲ್ಲದ ಬೆಂದ ಕಾಲಿನ ಅಂಕಿ. ಮೇಲೆ ಸವರಿದ ಬೆಣ್ಣೆಯನ್ನು ಬೇರೆಯಾಗಿ ಸೇರಿಸಿಕೊಳ್ಳಿ.